ಹೊಳೆ ಬಂದಾಗ ಮೂರು ಕೊಟೇಶನ್ ಕೇಳಬೇಡಿ



ನಿಮ್ಮ ಸಂಘದ ವಾರ್ಷಿಕ ಮಹಾಸಭೆ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಲೆಕ್ಕಪರಿಶೋಧನಾ ವರದಿ, ಲಾಭ ವಿಲೇವಾರಿ, ಬೋನಸ್, ಮುಂದಿನ ವರ್ಷದ ಬಜೆಟ್ ಎಲ್ಲವೂ ವಿಷಯಪಟ್ಟಿಯಲ್ಲಿ ಇದ್ದೇ ಇರುತ್ತವೆ. ಬೋನಸ್ ವಿಷಯ ಬಂದಾಗ ಸಭೆ ಕಿವಿಗೊಡುತ್ತದೆ. ಬಜೆಟ್ ಓದುವ ಹೊತ್ತಿಗೆ ಅರ್ಧ ಜನ ಊಟದ ಪಂಕ್ತಿಯಲ್ಲಿ ಇರುತ್ತಾರೆ. ಈ ಸಲ ಊಟಕ್ಕೆ ಏಳುವ ಮೊದಲು ಒಂದು ಠರಾವು ಮಾಡಿಕೊಳ್ಳಿ ಎಂದು ಕೇಳಲು ಈ ಬರಹ. ಹೊಳೆ ದಂಡೆಯ ಊರುಗಳ ಸಂಘಗಳಿಗೆ ಒಂದು ಪುಟದ ತುರ್ತು ಬಜೆಟ್ ಬೇಕು. ಹಣ ಎಷ್ಟು, ಯಾರು ಹೂಂ ಅಂದರೆ ಖರ್ಚು ಶುರುವಾಗಬೇಕು, ಯಾವ ದೊಡ್ಡ ಬಾಬತ್ತುಗಳಲ್ಲಿ ಖರ್ಚಾಗಬೇಕು, ಎಷ್ಟು ದಿನದಲ್ಲಿ ಲೆಕ್ಕ ಚುಕ್ತಾ ಆಗಬೇಕು ಎಂಬ ನಾಲ್ಕು ಮಾತು ಅದರಲ್ಲಿ ಇದ್ದರೆ ಸಾಕು.

2019ರ ಆಗಸ್ಟ್ ಮೊದಲ ಎರಡು ವಾರ ನಮ್ಮ ಭಾಗದ ಯಾರಿಗೂ ಮರೆತಿಲ್ಲ. ನವಿಲುತೀರ್ಥದಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ರಾಮದುರ್ಗ, ಬಾದಾಮಿ ಕಡೆಯ ಊರುಗಳಿಗೆ ನುಗ್ಗಿತು. ಮಹಾರಾಷ್ಟ್ರದ ಕೊಯ್ನಾ ಕಡೆಯಿಂದ ಬಂದ ನೀರು ಕೃಷ್ಣೆಯ ದಂಡೆಯ ಚಿಕ್ಕೋಡಿ, ಅಥಣಿ, ಜಮಖಂಡಿ ಸೀಮೆಯನ್ನು ಮುಳುಗಿಸಿತು. ಮನೆ ಕಳೆದುಕೊಂಡವರಿಗೆ ತಕ್ಷಣಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಘೋಷಿಸಿತು. ಅದು ಮನುಷ್ಯರಿಗೆ. ಎತ್ತರದ ಜಾಗಕ್ಕೆ ಹೊಡೆದು ಕಟ್ಟಿದ ಎಮ್ಮೆ, ಆಕಳಿಗೆ ಮೊದಲ ಮೂರು ದಿನ ಮೇವು ಯಾರು ಹಾಕಬೇಕು? ಸರ್ಕಾರದ ಜಾನುವಾರು ಶಿಬಿರ ತೆರೆಯುವವರೆಗಿನ ಆ ಮೂರು ದಿನಗಳ ಹೊಣೆ ಎಲ್ಲೂ ಬರೆದಿಲ್ಲ. ಅಲ್ಲಿ ಮೊದಲು ಬರಬಲ್ಲದ್ದು ಊರಿನ ಹಾಲಿನ ಸಂಘ ಒಂದೇ. ಯಾರ ಮನೆಯಲ್ಲಿ ಎಷ್ಟು ದನ ಇವೆ, ಯಾವುದು ಕರೆಯುತ್ತಿದೆ, ಯಾವುದು ಗಬ್ಬ ಎಂಬುದು ಸಂಘದ ಕಾರ್ಯದರ್ಶಿಗೆ ತಹಶೀಲ್ದಾರರಿಗಿಂತ ಚೆನ್ನಾಗಿ ಗೊತ್ತು.

ಸಂಘದ ಕೈ ಕಟ್ಟಿಹೋಗುವುದು ಹೀಗೆ. ಬಜೆಟ್ಟಿನಲ್ಲಿ ಮೇವಿನ ಬಾಬತ್ತೇ ಇಲ್ಲ, ಅಥವಾ ಇದ್ದರೂ ಅದು ಮೇವಿನ ಬೀಜಕ್ಕೆ. ಡೀಸೆಲ್ ಖರ್ಚು ಒಂದು ಮಿತಿ ದಾಟಿದರೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕು. ಸಭೆ ಕರೆಯಲು ನೋಟಿಸ್ ಬೇಕು, ನೋಟಿಸ್ ಮುಟ್ಟಿಸಲು ನಿರ್ದೇಶಕರ ಮನೆಗಳು ಇರಬೇಕು. ಇಬ್ಬರು ನಿರ್ದೇಶಕರು ಹೊಳೆಯ ಆಚೆ ದಂಡೆಯಲ್ಲಿ ಸಿಕ್ಕಿಕೊಂಡಿದ್ದರೆ ಕೋರಂ ಆಗುವುದಿಲ್ಲ. ಮೇವು ಕೊಳ್ಳಬೇಕೆಂದರೆ ಮೂರು ಕೊಟೇಶನ್ ಬೇಕು. ಸೊಂಟಮಟ್ಟ ನೀರಿನಲ್ಲಿ ಮೂರು ಕೊಟೇಶನ್ ಎಲ್ಲಿಂದ ಬರುತ್ತವೆ ಎಂದು ನಮಗೆಲ್ಲ ಗೊತ್ತು. ನೀರಿಳಿದ ಮೇಲೆ ಒಂದೇ ಅಂಗಡಿಯಿಂದ, ಮೂರು ಹೆಸರಿನಲ್ಲಿ, ಒಂದೇ ಕೈಬರಹದಲ್ಲಿ ಬರುತ್ತವೆ. ನಿಯಮವನ್ನು ಪಾಲಿಸಿದಂತೆ ಕಾಣಲು ಪ್ರಾಮಾಣಿಕ ಕಾರ್ಯದರ್ಶಿಯೂ ಸುಳ್ಳು ಕಾಗದ ಹೊಂದಿಸಬೇಕಾಗುತ್ತದೆ. ಕಳ್ಳನಿಗೆ ಇದರಿಂದ ಏನೂ ತೊಂದರೆ ಇಲ್ಲ, ಅವನು ಕಾಗದ ಹೊಂದಿಸುವುದರಲ್ಲಿ ಮೊದಲೇ ನಿಸ್ಸೀಮ.

ಟೆಂಡರ್ ಎಂದರೆ ಪ್ರಾಣಬಿಡುವ ಸರ್ಕಾರವೇ ಈ ವಿಷಯದಲ್ಲಿ ನಮಗಿಂತ ಮುಂದಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 50ನೇ ಕಲಮು ನೋಡಿ. ರಕ್ಷಣೆ ಅಥವಾ ಪರಿಹಾರಕ್ಕೆ ಸಾಮಗ್ರಿ ತಕ್ಷಣ ಬೇಕು ಎಂದು ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಮನವರಿಕೆಯಾದರೆ ತುರ್ತು ಖರೀದಿಗೆ ಒಪ್ಪಿಗೆ ಕೊಡಬಹುದು, ಆಗ ಟೆಂಡರ್ ಕರೆಯುವ ಕ್ರಮ ಕೈಬಿಟ್ಟಂತೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಅದು ಹೆಚ್ಚು ಮುಖ್ಯ. ಸಾಮಗ್ರಿ ಬಳಕೆಯಾಗಿದೆ ಎಂದು ಅಧಿಕಾರ ಪಡೆದ ಅಧಿಕಾರಿ ಕೊಡುವ ಪ್ರಮಾಣಪತ್ರವನ್ನೇ ಲೆಕ್ಕಕ್ಕೆ ವೋಚರ್ ಎಂದು ಒಪ್ಪಬೇಕು. ಖರೀದಿಯ ಕಾಗದ ಸಡಿಲ ಮಾಡಿ, ಬಳಕೆಯ ಕಾಗದವನ್ನು ಬಿಗಿ ಮಾಡಿದ್ದಾರೆ. ಈ ಕಲಮು ಸರ್ಕಾರದ ಪ್ರಾಧಿಕಾರ, ಇಲಾಖೆಗಳಿಗೆ ಅನ್ವಯ, ನಮ್ಮ ಸಂಘಗಳಿಗೆ ನೇರವಾಗಿ ಅಲ್ಲ. ನಮಗೆ ಆ ಅಧಿಕಾರ ಬರಬೇಕಾದದ್ದು ನಮ್ಮ ಮಹಾಸಭೆಯಿಂದ ಮತ್ತು ಉಪವಿಧಿಗಳಿಂದ. ಆದ್ದರಿಂದಲೇ ಈ ಠರಾವಿನ ಮಾತು.

ಮಾತಿಗೆ ಒಂದು ಸಂಘವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. 140 ಸದಸ್ಯರ ಸಂಘ, ದಿನಕ್ಕೆ 900 ಲೀಟರ್ ಹಾಲು, ಊರಿನಲ್ಲೇ 1,000 ಲೀಟರಿನ ಬಿ.ಎಂ.ಸಿ. ಹೊಳೆ ಬಂದರೆ ಕೆಳಗಿನ ಓಣಿಯ ಸುಮಾರು 80 ದೊಡ್ಡ ದನಗಳನ್ನು ಹೈಸ್ಕೂಲ್ ಮೈದಾನಕ್ಕೆ ತರಬೇಕಾಗುತ್ತದೆ ಎಂದು ಹಿಂದಿನ ಅನುಭವ ಹೇಳುತ್ತದೆ. ರಸ್ತೆ ತೆರೆಯಲು ಒಂದು ವಾರ ಬೇಕು ಎಂದಿಟ್ಟುಕೊಳ್ಳಿ.

ಮೊದಲ ಬಾಬತ್ತು, ಮೇವು ಮತ್ತು ನೀರು. ಒಂದು ದೊಡ್ಡ ದನಕ್ಕೆ ದಿನಕ್ಕೆ 6 ಕಿಲೋ ಒಣಮೇವು ಹಿಡಿದರೆ 80 ದನಕ್ಕೆ ಏಳು ದಿನಕ್ಕೆ 3,360 ಕಿಲೋ. ಸಾಗಣೆ ಸೇರಿ ಕಿಲೋಗೆ 10 ರೂಪಾಯಿಯಂತೆ 33,600 ರೂಪಾಯಿ. ಪಶು ಆಹಾರ ದಿನಕ್ಕೆ 2 ಕಿಲೋ ಎಂದರೆ 1,120 ಕಿಲೋ, ಅಂದರೆ 50 ಕಿಲೋದ 23 ಚೀಲ. ಚೀಲಕ್ಕೆ 1,300ರಂತೆ 29,900. ಹೊಳೆ ನೀರು ಕುಡಿಸುವಂತಿಲ್ಲ, ಟ್ಯಾಂಕರ್ ನೀರಿಗೆ 5,600. ಒಟ್ಟು 69,100, ಇದನ್ನು 70,000 ಎಂದು ಬರೆಯಿರಿ.

ಎರಡನೆಯದು ದನಗಳ ಆರೋಗ್ಯ ಮತ್ತು ಸ್ವಚ್ಛತೆ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಪಶು ಆಸ್ಪತ್ರೆಯಿಂದ ಬರುತ್ತದೆ, ಅದನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಿರಬೇಕು. ಇಲ್ಲಿ ಬೇಕಾದದ್ದು ಕೆಚ್ಚಲು ಬಾವಿನ ಔಷಧ, ಗಾಯದ ಮುಲಾಮು, ಬ್ಲೀಚಿಂಗ್ ಪುಡಿ, ಸುಣ್ಣ, ಸತ್ತ ದನ ಹೂಳಲು ಕೆಲವು ತಾಸು ಜೆಸಿಬಿ. 20,000 ಸಾಕು.

ಮೂರನೆಯದು ಹಾಲು ಕಾಯುವ ಖರ್ಚು. ಕರೆಂಟ್ ಇರುವುದಿಲ್ಲ, ಬಿ.ಎಂ.ಸಿ.ಯಲ್ಲಿ ಹಾಲು 4 ಡಿಗ್ರಿಗೆ ಇಳಿಯಬೇಕು. ಜನರೇಟರಿಗೆ ದಿನಕ್ಕೆ 30 ಲೀಟರ್ ಡೀಸೆಲ್, ಲೀಟರಿಗೆ 90ರಂತೆ ವಾರಕ್ಕೆ 18,900. ಕ್ಯಾನುಗಳನ್ನು ಮುಖ್ಯ ರಸ್ತೆಗೆ ಮುಟ್ಟಿಸಲು ಟ್ರ್ಯಾಕ್ಟರ್ ಬಾಡಿಗೆ ದಿನಕ್ಕೆ 2,500, ವಾರಕ್ಕೆ 17,500. ಒಟ್ಟು 36,400, ಅದನ್ನು 37,000 ಎನ್ನೋಣ. ಇತರೆ ಎಂದು ಸುಮಾರು ಹತ್ತರಲ್ಲಿ ಒಂದು ಭಾಗ, 13,000. ಎಲ್ಲ ಸೇರಿ ಮಿತಿ 1,40,000 ರೂಪಾಯಿ.

ನಾಲ್ಕೇ ಬಾಬತ್ತು. ಇದನ್ನು ಹದಿನಾಲ್ಕು ಮಾಡಬೇಡಿ. ಹಗ್ಗಕ್ಕೆ ಇಷ್ಟು, ತಾಡಪತ್ರಿಗೆ ಇಷ್ಟು, ಸುಣ್ಣಕ್ಕೆ ಇಷ್ಟು ಎಂದು ಬರೆದಿಟ್ಟರೆ ಹಗ್ಗಕ್ಕೆ ದುಡ್ಡು ಉಳಿದು ತಾಡಪತ್ರಿಗೆ ಸಾಲದೆ ಹೋದಾಗ ಕಾರ್ಯದರ್ಶಿ ತಾಡಪತ್ರಿಯನ್ನು ಹಗ್ಗ ಎಂದು ಬರೆಯುತ್ತಾನೆ. ಬಾಬತ್ತು ಅಗಲವಾಗಿದ್ದರೆ ಇದ್ದದ್ದನ್ನು ಇದ್ದಂತೆ ಬರೆಯಬಹುದು. ಆದರೂ ಮಳೆ ಯಾವ ಅಂದಾಜನ್ನೂ ಕೇಳುವುದಿಲ್ಲ. ಆದ್ದರಿಂದ ಒಟ್ಟು ಮಿತಿ ದಾಟದೆ, ಯಾವುದೇ ಬಾಬತ್ತು ತನ್ನ ಮೊತ್ತದ ಕಾಲು ಭಾಗದಷ್ಟು ಹೆಚ್ಚಾದರೂ ಬೇರೆಯದರಲ್ಲಿ ಕಡಿಮೆ ಮಾಡಿ ಸರಿದೂಗಿಸಬಹುದು ಎಂದು ಠರಾವಿನಲ್ಲೇ ಸೇರಿಸಿ. ಕಾಲು ಭಾಗಕ್ಕಿಂತ ಹೆಚ್ಚು ಬೇಕಾದರೆ ಮಂಡಳಿ ಸೇರಲಿ.

ಹಣ ಎಲ್ಲಿಂದ? ಮೀಸಲು ನಿಧಿಯಿಂದ ಅಲ್ಲ, ಅದನ್ನು ಹೀಗೆ ಮುಟ್ಟುವಂತಿಲ್ಲ. ವರ್ಷದ ಬಜೆಟ್ಟಿನಲ್ಲೇ ಒಂದು ಸಾಲು ಹಾಕಿ ಇಡಬೇಕು. ನೆರೆ ಬಾರದಿದ್ದರೆ ಆ ಹಣ ಖರ್ಚಾಗದೆ ಉಳಿಯುತ್ತದೆ ಅಷ್ಟೆ. ಮಹಾಸಭೆ ಸೆಪ್ಟೆಂಬರಿನಲ್ಲಿ, ನೆರೆ ಆಗಸ್ಟಿನಲ್ಲಿ ಬರುವುದರಿಂದ ಈ ಒಪ್ಪಿಗೆ ಮುಂದಿನ ಮಹಾಸಭೆಯವರೆಗೆ ಜಾರಿಯಲ್ಲಿ ಇರುತ್ತದೆ ಎಂದು ಸ್ಪಷ್ಟವಾಗಿ ಬರೆಸಿ. ಇಲ್ಲದಿದ್ದರೆ ಮಾರ್ಚ್ 31ಕ್ಕೆ ಮುಗಿಯಿತು ಎಂದು ಯಾರಾದರೂ ಅಡ್ಡ ಮಾತು ತೆಗೆಯುತ್ತಾರೆ.

ಇನ್ನು ಹೂಂ ಅನ್ನುವವರು ಯಾರು? ಅಧ್ಯಕ್ಷರು, ಕಾರ್ಯದರ್ಶಿ, ಮಹಾಸಭೆ ಹೆಸರಿಸಿದ ಒಬ್ಬ ನಿರ್ದೇಶಕರು. ಮೂವರಲ್ಲಿ ಇಬ್ಬರು ಫೋನಿನಲ್ಲಿ ಒಪ್ಪಿದರೆ ಸಾಕು. ಆ ನಿರ್ದೇಶಕರು ಕೆಳಗಿನ ಓಣಿಯವರಾಗಿರಲಿ, ನೀರು ಮೊದಲು ಮುಟ್ಟುವುದು ಅವರ ಮನೆಗೆ. ಒಪ್ಪಿಗೆ ಯಾವಾಗ ಕೊಡಬಹುದು ಎಂಬುದಕ್ಕೂ ಕಣ್ಣಿಗೆ ಕಾಣುವ ಗುರುತು ಬೇಕು. ಇಲ್ಲದಿದ್ದರೆ ನಾಲ್ಕು ಹನಿ ಬಿದ್ದ ದಿನವೂ ತುರ್ತು ಎನ್ನುವವರು ಇರುತ್ತಾರೆ. ತಾಲೂಕು ಆಡಳಿತದಿಂದ ಊರು ಬಿಡುವ ಸೂಚನೆ ಬಂದಾಗ, ಊರಿನ ಸೇತುವೆ ಮುಳುಗಿದಾಗ, ಅಥವಾ ಹಾಲಿನ ಗಾಡಿ ಸತತ ಎರಡು ಸರದಿ ಬಾರದಿದ್ದಾಗ. ಈ ಮೂರರಲ್ಲಿ ಒಂದು ಆಗಿರಲೇಬೇಕು. ಒಪ್ಪಿಗೆ ಕೊಟ್ಟವರು ಅದೇ ತಾಸಿನಲ್ಲಿ ಒಕ್ಕೂಟದ ವಿಸ್ತರಣಾಧಿಕಾರಿಗೂ ಎಲ್ಲ ನಿರ್ದೇಶಕರಿಗೂ ವಾಟ್ಸ್ಯಾಪ್ ಸಂದೇಶ ಹಾಕಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಸಂಘದ ಠರಾವು ಪುಸ್ತಕದಲ್ಲಿ ತಾರೀಖು, ವೇಳೆ ಹಾಕಿ ಇಬ್ಬರೂ ಸಹಿ ಮಾಡಬೇಕು. ಏಳು ದಿನದೊಳಗೆ ಮಂಡಳಿ ಸೇರಿ ಅದನ್ನು ದಾಖಲೆ ಮಾಡಿಕೊಳ್ಳಬೇಕು.

ಹಾಗಾದರೆ ದರದ ಗತಿ ಏನು ಎಂದು ಕೇಳುತ್ತೀರಿ. ಕೊಟೇಶನ್ ಬೇಡ ಎಂದು ನಾನು ಹೇಳುತ್ತಿಲ್ಲ, ಹೊಳೆ ಬಂದಾಗ ಬೇಡ ಎನ್ನುತ್ತಿದ್ದೇನೆ. ಮೇ ತಿಂಗಳಲ್ಲಿ, ನೆಲ ಒಣಗಿರುವಾಗ, ಮೇವಿನ ವ್ಯಾಪಾರಿ, ಡೀಸೆಲ್ ಬಂಕ್, ಟ್ರ್ಯಾಕ್ಟರ್ ಮತ್ತು ಜೆಸಿಬಿ ಮಾಲೀಕರಿಂದ ದರ ಬರೆಸಿಕೊಳ್ಳಿ. ಅಕ್ಟೋಬರ್‌ವರೆಗೆ ಆ ದರಕ್ಕೆ, 15 ದಿನದ ಉದ್ರಿಯಲ್ಲಿ ಕೊಡುತ್ತೇವೆ ಎಂಬ ಒಂದು ಪುಟದ ಕರಾರು. ಉದ್ರಿ ಏಕೆಂದರೆ ನೆರೆಯ ದಿನ ಬ್ಯಾಂಕು ಮುಚ್ಚಿರುತ್ತದೆ, ಫೋನ್ ಪೇ ನಡೆಯುವುದಿಲ್ಲ, ಸಂಘದಲ್ಲಿ ಇಡಬಹುದಾದ ನಗದಿಗೆ ಉಪವಿಧಿಯ ಮಿತಿ ಇದೆ. ವ್ಯಾಪಾರಿ ಮಾತಿಗೆ ತಪ್ಪಬಹುದು, ಆದರೂ ಬರೆದ ದರ ಕೈಯಲ್ಲಿದ್ದರೆ ಎಷ್ಟು ತಪ್ಪಿದ ಎಂಬುದಾದರೂ ಗೊತ್ತಾಗುತ್ತದೆ. ಮೇವಿನ ವ್ಯಾಪಾರಿಗಳು ಇಬ್ಬರಿರಲಿ, ಒಬ್ಬ ಹೊಳೆಯ ಈಚೆ, ಒಬ್ಬ ಆಚೆ.

ಇಷ್ಟು ಸಡಿಲ ಬಿಟ್ಟ ಮೇಲೆ ಒಂದು ಕಡೆ ಹಗ್ಗ ಬಿಗಿಯಲೇಬೇಕು. ಅದು ವಿತರಣಾ ಪುಸ್ತಕ. ನೂರು ಪುಟದ ಸಾದಾ ನೋಟ್‌ಬುಕ್ ಸಾಕು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡಿ. ತಾರೀಖು, ಸದಸ್ಯರ ಸಂಖ್ಯೆ, ಹೆಸರು, ದನ ಎಷ್ಟು, ಏನು ಕೊಟ್ಟದ್ದು, ಎಷ್ಟು ಕಿಲೋ, ಸಹಿ ಅಥವಾ ಹೆಬ್ಬೆಟ್ಟು. ಬರೆಯುವವರು ಹಂಚುವವರೇ ಆಗಬಾರದು. ಹಾಲು ಪರೀಕ್ಷಕರು ಬರೆಯಲಿ, ಅವರಿಗೆ ಸದಸ್ಯರ ಸಂಖ್ಯೆಗಳು ಬಾಯಿಪಾಠ. ಬಿಲ್ ಒದ್ದೆಯಾಗಿ ಹರಿದುಹೋದರೂ ಈ ಪುಸ್ತಕ ಉಳಿದರೆ ಲೆಕ್ಕ ನಿಲ್ಲುತ್ತದೆ. ಈ ಪುಸ್ತಕ ಇಲ್ಲದೆ ಬಿಲ್ಲುಗಳು ಎಷ್ಟೇ ಚೊಕ್ಕ ಇದ್ದರೂ ನಾನು ನಂಬುವುದಿಲ್ಲ, ನೀವೂ ನಂಬಬೇಡಿ.

ಪುಸ್ತಕದ ಒಂದು ಅಂಕಣ ವಿಶೇಷ: ಕೊಟ್ಟದ್ದು ಉಚಿತವೋ, ಉದ್ರಿಯೋ. ಸಂಘಗಳಲ್ಲಿ ನೆರೆಯ ನಂತರ ಜಗಳ ಏಳುವುದು ಬಹಳ ಸಲ ಇಲ್ಲೇ. ಕೊಡುವಾಗ "ಮೊದಲ ದನಾ ಉಳೀಲಿ, ರೊಕ್ಕದ ಮಾತು ಆಮ್ಯಾಲ" ಎಂದಿರುತ್ತಾರೆ. ಎರಡು ತಿಂಗಳ ಮೇಲೆ ಬಟವಾಡೆಯಲ್ಲಿ ಆಹಾರದ ಹಣ ಮುರಿದಾಗ "ಅಕ್ಕಾ, ಅವತ್ತು ಪುಕ್ಕಟೆ ಅಂದಿದ್ರಲ್ಲ" ಎಂಬ ಮಾತು ಬರುತ್ತದೆ. ಹೇಳಿದ್ದವರೂ ಕೇಳಿದ್ದವರೂ ಇಬ್ಬರೂ ತಮ್ಮ ಮಟ್ಟಿಗೆ ಸರಿ. ನನ್ನ ಅಭಿಪ್ರಾಯದಲ್ಲಿ ಮೈದಾನದಲ್ಲಿ ಹಾಕುವ ಒಣಮೇವು ಉಚಿತ ಇರಲಿ, ಚೀಲದ ಪಶು ಆಹಾರ ಉದ್ರಿ ಇರಲಿ, ನಾಲ್ಕು ಬಟವಾಡೆಗಳಲ್ಲಿ ಮುರಿಯಲಿ. ಎಲ್ಲವೂ ಉಚಿತ ಎಂದರೆ ಎತ್ತರದ ಓಣಿಯ ದನವೂ ಮೈದಾನಕ್ಕೆ ಬರುತ್ತದೆ. ನೀವು ಬೇರೆ ರೀತಿ ತೀರ್ಮಾನ ಮಾಡಬಹುದು, ಆದರೆ ಅದನ್ನು ಮಹಾಸಭೆಯಲ್ಲಿ ಮಾಡಿ, ಮೈದಾನದಲ್ಲಿ ಅಲ್ಲ.

ಅವಸರ ಮಾಡಬಾರದ ಒಂದು ಕೆಲಸವೂ ಇದೆ. ಸತ್ತ ದನವನ್ನು ಹೂಳುವುದು. ನಾತಕ್ಕೆ ಹೆದರಿ ಜೆಸಿಬಿ ಬಂದ ಕೂಡಲೇ ಹೂತುಬಿಟ್ಟರೆ ಪರಿಹಾರವೂ ಅದರ ಜೊತೆ ಮಣ್ಣಾಗುತ್ತದೆ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಹಾಲು ಕೊಡುವ ಎಮ್ಮೆ ಅಥವಾ ಆಕಳಿಗೆ 37,500 ರೂಪಾಯಿ ಇಟ್ಟಿದ್ದರು, ಒಂದು ಕುಟುಂಬಕ್ಕೆ ಇಂಥ 3 ದನಗಳವರೆಗೆ. 2019ರಲ್ಲಿ ಇದು 30,000 ಇತ್ತು. ಈ ಹಣ ಸಿಗಬೇಕಾದರೆ ಸಾವು ಅಧಿಕಾರಿಗಳಿಂದ ದೃಢವಾಗಬೇಕು. ಪಶುವೈದ್ಯರನ್ನು ಕರೆಸಿ, ಪಂಚನಾಮೆ ಮಾಡಿಸಿ. ಕಿವಿಯೋಲೆಯ ಸಂಖ್ಯೆ ಓದುವಂತೆ ತಲೆಯ ಫೋಟೋ, ಪೂರ್ತಿ ಮೈಯ ಒಂದು ಫೋಟೋ ತೆಗೆಯಿರಿ. ವಿಮೆ ಇದ್ದರೆ ಕಂಪನಿಗೆ ಕೂಡಲೇ ತಿಳಿಸಿ, ಓಲೆಯನ್ನು ಕಳೆಯಬೇಡಿ. ಆಮೇಲೆ ಬಾವಿ, ಹಳ್ಳದಿಂದ ದೂರ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಜೆಸಿಬಿ ಬಾಡಿಗೆ ಸಂಘದ ಬಾಬತ್ತಿನಿಂದ ಹೋಗುತ್ತದೆ, ದನದ ಪರಿಹಾರ ಸರ್ಕಾರದಿಂದ ಮಾಲೀಕನ ಖಾತೆಗೆ ಬರುತ್ತದೆ. ಎರಡನ್ನೂ ಬೆರೆಸಬೇಡಿ.

ಬೆರೆಸಬಾರದ ಇನ್ನೊಂದು, ಗೋದಾಮಿನಲ್ಲಿ ನೆನೆದ ಪಶು ಆಹಾರ. ಅದು ತುರ್ತು ಬಜೆಟ್ಟಿನ ಖರ್ಚಲ್ಲ, ದಾಸ್ತಾನು ನಷ್ಟ. ಎಣಿಸಿ, ಫೋಟೋ ತೆಗೆದು, ವಿಸ್ತರಣಾಧಿಕಾರಿಯ ಎದುರು ಬರೆದು ಬೇರೆಯೇ ಠರಾವಿನಿಂದ ವಜಾ ಮಾಡಬೇಕು. ಒಣಗಿಸಿ ಹಾಕಿದರಾಯಿತು ಎನ್ನಬೇಡಿ. ಬೂಷ್ಟು ಹಿಡಿದ ಆಹಾರದ ವಿಷ ದನದ ಹೊಟ್ಟೆಯಿಂದ ಹಾಲಿಗೂ ಬರುತ್ತದೆ.

ಈಗ ಲೆಕ್ಕ ಚುಕ್ತಾ ಮಾಡುವ ದಿನಕ್ಕೆ ಬರೋಣ. ನಾನು 45 ದಿನ ಎನ್ನುತ್ತೇನೆ. ಸ್ಟಾರ್ಟ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಗಳ ಕೂಟ ತನ್ನ ತುರ್ತು ನಿಧಿಯನ್ನು ಎಚ್ಚರಿಕೆ ಬಂದ 72 ತಾಸಿನಲ್ಲಿ ಮಂಜೂರು ಮಾಡಿ 45 ದಿನದಲ್ಲಿ ಕೆಲಸ ಮುಗಿಸುವ ಪದ್ಧತಿ ಇಟ್ಟುಕೊಂಡಿದೆ. ನಮ್ಮ ಊರಿನ ಲೆಕ್ಕಕ್ಕೂ ಆ ಅವಧಿ ಹೊಂದುತ್ತದೆ. ಅದಕ್ಕಿಂತ ಮೊದಲು ಬಿಲ್ಲುಗಳು ಬಂದಿರುವುದಿಲ್ಲ, ಅದಕ್ಕಿಂತ ತಡವಾದರೆ ಯಾರು ಎಷ್ಟು ಮೇವು ಒಯ್ದರು ಎಂಬ ನೆನಪು ಊರಿನಲ್ಲಿ ಉಳಿದಿರುವುದಿಲ್ಲ.

ನಮ್ಮ ಕಲ್ಪನೆಯ ಸಂಘದಲ್ಲಿ ನೆರೆ ಬಂದು ಹೋಯಿತು ಎನ್ನಿ. ಮೇವು ಮತ್ತು ನೀರಿಗೆ 84,500 ಆಯಿತು, ಏಕೆಂದರೆ ಮೇವಿನ ದರ ಏರಿತು, ದನವೂ ಹೆಚ್ಚು ಬಂದವು. ಆರೋಗ್ಯಕ್ಕೆ 11,200, ಹಾಲು ಕಾಯಲು 29,800, ಇತರೆಗೆ 6,500. ಒಟ್ಟು 1,32,000. ಮಿತಿ 1,40,000ರ ಒಳಗೇ ಇದೆ. ಮೇವಿನ ಬಾಬತ್ತು 14,500 ಹೆಚ್ಚಾಗಿದೆ, ಆದರೆ 70,000ದ ಕಾಲು ಭಾಗ 17,500. ಹಾಗಾಗಿ ಇದಕ್ಕೆ ಹೊಸ ಒಪ್ಪಿಗೆ ಬೇಡ, ಏಕೆ ಹೆಚ್ಚಾಯಿತು ಎಂಬ ಎರಡು ಸಾಲು ಬೇಕು.

ಮುಂದಿನ ಹೆಜ್ಜೆ, ಈ 1,32,000ವನ್ನು ಮೂರು ಗುಂಪು ಮಾಡುವುದು. ಸರಿಯಾದ ಬಿಲ್ ಇರುವುದು 88,000. ಬಿಲ್ ಇಲ್ಲ, ಆದರೆ ಸಂಘದ ಪಾವತಿ ವೋಚರಿನಲ್ಲಿ ಹಣ ಪಡೆದವರ ಸಹಿ, ವಿತರಣಾ ಪುಸ್ತಕದಲ್ಲಿ ಮಾಲಿನ ದಾಖಲೆ ಎರಡೂ ಇರುವುದು 36,500. ರೈತರ ಬಣವೆಯಿಂದಲೇ ಕೊಂಡ ಮೇವು, ಹಮಾಲರ ಕೂಲಿ ಇಂಥದ್ದಕ್ಕೆ ಬಿಲ್ ಬರುವುದೇ ಇಲ್ಲ, ಅದನ್ನು ಒಪ್ಪಲೇಬೇಕು. ಉಳಿದದ್ದು 7,500, ಮೇವಿಗೆಂದು ಒಬ್ಬ ನಿರ್ದೇಶಕರು ಒಯ್ದ ಮುಂಗಡ. ಅವರ ಬಳಿ ಹೆಸರುಗಳ ಚೀಟಿ ಮಾತ್ರ ಇದೆ. ಇಲ್ಲಿ ಅವರನ್ನು ಕಳ್ಳ ಎನ್ನುವುದೂ ಬೇಡ, ದೊಡ್ಡವರೆಂದು ಬಿಡುವುದೂ ಬೇಡ. ಮಂಡಳಿಯ ಇಬ್ಬರು ಆ ಚೀಟಿಯ ಮನೆಗಳಿಗೆ ಹೋಗಿ ಕೇಳಲಿ. 5,000ದಷ್ಟು ಮೇವು ಮುಟ್ಟಿದೆ ಎಂದು ಜನ ಸಹಿ ಮಾಡಿದರೆ ಅದು ಖರ್ಚು. ಉಳಿದ 2,500 ಅವರಿಂದ ಸಂಘಕ್ಕೆ ಜಮಾ. ಈಗ ಒಪ್ಪಿದ ಮೊತ್ತ 1,29,500. ಇದರಲ್ಲಿ ಉದ್ರಿ ಕೊಟ್ಟ 25 ಚೀಲ ಆಹಾರದ 32,500 ಬಟವಾಡೆಯಲ್ಲಿ ವಾಪಸ್ ಬರುವುದರಿಂದ ಅದು ಖರ್ಚಲ್ಲ, ಸದಸ್ಯರಿಂದ ಬರಬೇಕಾದ ಬಾಕಿ. ಸಂಘಕ್ಕೆ ನಿಜವಾಗಿ ಬಿದ್ದ ಹೊರೆ 97,000.

ಸರ್ಕಾರ ಜಾನುವಾರು ಶಿಬಿರ ತೆರೆದಿದ್ದರೆ ಇನ್ನೊಂದು ಹೊಂದಾಣಿಕೆ ಇದೆ. ಶಿಬಿರದ ಮೇವಿಗೆ 2022–26ರ ಮಾನದಂಡದಲ್ಲಿ ದೊಡ್ಡ ದನಕ್ಕೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45 ರೂಪಾಯಿ ಇಟ್ಟಿದ್ದರು. ಸಂಘ ಯಾವ ದಿನದವರೆಗೆ ಮೇವು ಹಾಕಿತು, ಯಾವ ದಿನದಿಂದ ಶಿಬಿರ ವಹಿಸಿಕೊಂಡಿತು, ಆಗ ಉಳಿದ ಮೇವು ಎಷ್ಟು ಎಂದು ಗ್ರಾಮ ಆಡಳಿತಾಧಿಕಾರಿಯ ಸಹಿಯೊಡನೆ ಬರೆದಿಡಿ. ಅದೇ ದನಕ್ಕೆ ಅದೇ ದಿನ ಎರಡು ಕಡೆ ಲೆಕ್ಕ ಬಿದ್ದರೆ ಯಾರೂ ತಿನ್ನದಿದ್ದರೂ ಕಳ್ಳತನವೇ ಆಗಿ ಕಾಣುತ್ತದೆ.

"ಇದು ತಿನ್ನುವವರಿಗೆ ಬಾಗಿಲು ತೆರೆದಂತೆ" ಎಂಬ ಆಕ್ಷೇಪ ಬರುತ್ತದೆ, ಬರಲೂ ಬೇಕು. ನನ್ನ ಉತ್ತರ, ತಿಂದದ್ದು ಅಳತೆಯಲ್ಲಿ ಸಿಕ್ಕಿಬೀಳುತ್ತದೆ. ಕೊಂಡ ಮೇವನ್ನು ದನದ ಸಂಖ್ಯೆಯಿಂದಲೂ ದಿನಗಳಿಂದಲೂ ಭಾಗಿಸಿ. ಒಂದು ದನಕ್ಕೆ 6 ಕಿಲೋ ಇದ್ದದ್ದು 11 ಕಿಲೋ ಬಂದರೆ ಏನೋ ಇದೆ. ಡೀಸೆಲನ್ನು ಜನರೇಟರಿನ ತಾಸಿನ ಮೀಟರಿಗೆ ಹೋಲಿಸಿ. ಅದಕ್ಕೆ ಮೊದಲ ದಿನ ಮತ್ತು ಕೊನೆಯ ದಿನ ಮೀಟರಿನ ಫೋಟೋ ತೆಗೆದಿರಬೇಕು. ಜೆಸಿಬಿಯ ತಾಸುಗಳನ್ನು ಪಂಚನಾಮೆಗಳ ಪಕ್ಕ ಇಟ್ಟು ನೋಡಿ. ಹತ್ತು ದಿನದ ಬಿಲ್ಲುಗಳಿಗೆ ಒಂದರ ಮೇಲೊಂದು ಸಾಲು ಸಂಖ್ಯೆ ಇದ್ದರೆ ಆ ಹತ್ತು ದಿನ ವ್ಯಾಪಾರಿಗೆ ಬೇರೆ ಗಿರಾಕಿಯೇ ಇರಲಿಲ್ಲವೇ ಎಂದು ಕೇಳಿ. ಎಲ್ಲ ಮೊತ್ತಗಳೂ ಸೊನ್ನೆ ಸೊನ್ನೆಯಲ್ಲಿ ಮುಗಿಯುತ್ತಿದ್ದರೂ ಅನುಮಾನಪಡಿ. ಈ ಲೆಕ್ಕವನ್ನು ಸಂಘದ ಬೋರ್ಡಿನ ಮೇಲೆ ಹೆಸರು, ಕಿಲೋ ಸಹಿತ ಒಂದು ವಾರ ಅಂಟಿಸಿ. ತನ್ನ ಹೆಸರಿನ ಮುಂದೆ 60 ಕಿಲೋ ಬರೆದದ್ದನ್ನು ನೋಡಿ "ನನಗೆ ಬಂದದ್ದು ಮೂವತ್ತೇ" ಎನ್ನುವ ಅಜ್ಜಿಗಿಂತ ದೊಡ್ಡ ಲೆಕ್ಕಪರಿಶೋಧಕರು ಇಲ್ಲ.

ಲೆಕ್ಕಪರಿಶೋಧಕರ ಮಾತು ಬಂತು. ನೆರೆಯ ವರ್ಷದ ಲೆಕ್ಕದಲ್ಲಿ ಆಕ್ಷೇಪಣೆ ಬಂದರೆ ಅಧ್ಯಕ್ಷ, ಕಾರ್ಯದರ್ಶಿ ಕೈಯಿಂದ ಕಟ್ಟಬೇಕಾದೀತು ಎಂಬ ಹೆದರಿಕೆ ಎಲ್ಲ ಕಡೆ ಇದೆ. ಆ ಹೆದರಿಕೆಯಿಂದಲೇ ಎಷ್ಟೋ ಸಂಘಗಳು ನೆರೆಯ ದಿನ ಬಾಗಿಲು ಹಾಕಿ ಕೂರುತ್ತವೆ. ಅದಕ್ಕೆ ಮಹಾಸಭೆಯ ಠರಾವಿನ ಕರಡನ್ನು ಈಗಲೇ ನಿಮ್ಮ ಲೆಕ್ಕಪರಿಶೋಧಕರಿಗೂ ವಿಸ್ತರಣಾಧಿಕಾರಿಗೂ ತೋರಿಸಿ, ಉಪವಿಧಿಗೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳಿ. ಒಕ್ಕೂಟಕ್ಕೂ ಇಲ್ಲಿ ಒಂದು ಕೆಲಸವಿದೆ. ಪ್ರತಿ ಸಂಘ ತನಗೆ ತಿಳಿದಂತೆ ಬರೆಯುವ ಬದಲು ಒಂದೇ ನಮೂನೆ ಅಚ್ಚು ಹಾಕಿಸಿ ಕೊಡಲಿ. ಸಣ್ಣ ಸಂಘಗಳಲ್ಲಿ ಇಷ್ಟು ಹಣ ಬದಿಗಿಡುವ ಶಕ್ತಿ ಇರುವುದಿಲ್ಲ, ಅವಕ್ಕೆ ಮಿತಿಯ ಅರ್ಧವನ್ನು ಒಕ್ಕೂಟ ಮುಂಗಡವಾಗಿ ಕೊಟ್ಟು ಹಾಲಿನ ಹಣದಲ್ಲಿ ಮುರಿದುಕೊಳ್ಳಲಿ. ಹಳೆಯ ಲೆಕ್ಕ ಚುಕ್ತಾ ಮಾಡದ ಸಂಘಕ್ಕೆ ಹೊಸ ಮುಂಗಡ ಬೇಡ. ಈ ಮಾತಿನಲ್ಲಿ ಒಕ್ಕೂಟ ಕಠಿಣವಾಗಿದ್ದರೆ ನನಗೆ ಸಂತೋಷವೇ.

ಕರಡು ಹೀಗಿರಲಿ, ನಿಮ್ಮ ಊರಿಗೆ ತಕ್ಕಂತೆ ಅಂಕಿ ತುಂಬಿಕೊಳ್ಳಿ:

"ನೆರೆ ಬಂದ ಸಂದರ್ಭದಲ್ಲಿ ಮೇವು ಮತ್ತು ನೀರು, ದನಗಳ ಆರೋಗ್ಯ ಮತ್ತು ಸ್ವಚ್ಛತೆ, ಹಾಲು ಸಾಗಣೆ ಮತ್ತು ಶೀತಲೀಕರಣ, ಇತರೆ ಎಂಬ ನಾಲ್ಕು ಬಾಬತ್ತುಗಳಲ್ಲಿ ಒಟ್ಟು ____ ರೂಪಾಯಿ ಮೀರದಂತೆ ಖರ್ಚು ಮಾಡಲು ಅಧ್ಯಕ್ಷರು, ಕಾರ್ಯದರ್ಶಿ ಮತ್ತು ನಿರ್ದೇಶಕರಾದ ____ ಇವರಲ್ಲಿ ಯಾರಾದರೂ ಇಬ್ಬರು ಒಪ್ಪಿಗೆ ಕೊಡಬಹುದು. ತಾಲೂಕು ಆಡಳಿತದ ಸೂಚನೆ ಬಂದಾಗ, ____ ಸೇತುವೆ ಮುಳುಗಿದಾಗ ಅಥವಾ ಹಾಲಿನ ಗಾಡಿ ಸತತ ಎರಡು ಸರದಿ ಬಾರದಿದ್ದಾಗ ಮಾತ್ರ ಈ ಅಧಿಕಾರ ನಡೆಯತಕ್ಕದ್ದು. ಯಾವುದೇ ಬಾಬತ್ತು ಕಾಲು ಭಾಗದವರೆಗೆ ಹೆಚ್ಚಾದರೆ ಉಳಿದವುಗಳಿಂದ ಸರಿದೂಗಿಸಬಹುದು. ಒಣಮೇವು ಉಚಿತ, ಪಶು ಆಹಾರ ಉದ್ರಿ. ವಿತರಣಾ ಪುಸ್ತಕವನ್ನು ಹಾಲು ಪರೀಕ್ಷಕರು ಬರೆಯತಕ್ಕದ್ದು. ಏಳು ದಿನದೊಳಗೆ ಆಡಳಿತ ಮಂಡಳಿಯ ಮುಂದೆ ಇಡತಕ್ಕದ್ದು, 45 ದಿನದೊಳಗೆ ಲೆಕ್ಕ ಚುಕ್ತಾ ಮಾಡಿ ಒಂದು ವಾರ ಸಂಘದ ಬೋರ್ಡಿನ ಮೇಲೆ ಪ್ರಕಟಿಸತಕ್ಕದ್ದು. ಚುಕ್ತಾ ಆಗದ ಮುಂಗಡ ಪಡೆದವರಿಂದ ವಸೂಲಾಗತಕ್ಕದ್ದು. ಈ ಠರಾವು ಮುಂದಿನ ವಾರ್ಷಿಕ ಮಹಾಸಭೆಯವರೆಗೆ ಜಾರಿಯಲ್ಲಿರುತ್ತದೆ."

ಸೂಚಕರು, ಅನುಮೋದಕರ ಜಾಗದಲ್ಲಿ ಕೆಳಗಿನ ಓಣಿಯ ಇಬ್ಬರ ಹೆಸರು ಬರಲಿ.